ಪದಸೂಚಿ ಪ್ರಗತಿ: 34 ಜಿಬಿ ಫೈಲಿನಲ್ಲಿ ಒಂದು ಪದಕ್ಕೆ 23 ಓದು

ಬಸವನಗುಡಿಯ ನಮ್ಮ ಪುಟ್ಟ ಗುಂಪಿನ ಕನ್ನಡ ಪದಸೂಚಿ ಈಗ ಒಂದು ಹಂತಕ್ಕೆ ಬಂದಿದೆ. ಡೇಟಾಬೇಸ್ ಇಲ್ಲ, ಸರ್ವರ್ ಇಲ್ಲ. ಇರುವುದು ಒಂದೇ ಒಂದು ಟೆಕ್ಸ್ಟ್ ಫೈಲ್. ಅದರ ಪ್ರತಿ ಸಾಲಿನಲ್ಲಿ ಒಂದು ಪದ, ಒಂದು ಟ್ಯಾಬ್, ಆ ಪದ ಬಂದಿರುವ ದಾಖಲೆಯ ಎಂಟು ಅಂಕಿಯ ಸಂಖ್ಯೆ. ಸಾಲುಗಳು ಸುಮಾರು 100 ಕೋಟಿ. ಸಾಲೊಂದಕ್ಕೆ ಸರಾಸರಿ 34 ಬೈಟ್ ಹಿಡಿದರೆ ಫೈಲಿನ ಗಾತ್ರ 34 ಜಿಬಿ. ಇದು ಇರುವುದು ಎಸ್.ಪಿ. ರಸ್ತೆಯಿಂದ ತಂದ ಮಾಮೂಲಿ 7200 ಆರ್‌ಪಿಎಂ ಹಾರ್ಡ್ ಡಿಸ್ಕ್‌ನಲ್ಲಿ. ಇಷ್ಟು ದೊಡ್ಡ ಫೈಲನ್ನು ಇಂಥ ಡಿಸ್ಕ್‌ನಲ್ಲಿಟ್ಟುಕೊಂಡು ಪದ ಹುಡುಕಲು ಆಗುತ್ತದೆಯೇ ಎಂದು ಹಲವರು ಕೇಳಿದ್ದರು. ಆಗುತ್ತದೆ. ಹೇಗೆಂದು ಲೆಕ್ಕ ಸಮೇತ ಇಲ್ಲಿ ಬರೆದಿಟ್ಟಿದ್ದೇವೆ.

ಲೆಕ್ಕ

ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾ ಹೋದರೆ, ಡಿಸ್ಕ್ ಸೆಕೆಂಡಿಗೆ 150 ಎಂಬಿ ಕೊಡುತ್ತದೆ ಎಂದಿಟ್ಟುಕೊಂಡರೂ, 34 ಜಿಬಿ ಮುಗಿಯಲು 227 ಸೆಕೆಂಡ್ ಬೇಕು. ಅಂದರೆ ಒಂದು ಪದಕ್ಕೆ ಮೂರೂಮುಕ್ಕಾಲು ನಿಮಿಷ. ಫೈಲ್ ಎರಡು ಪಟ್ಟಾದರೆ ಏಳೂವರೆ ನಿಮಿಷ.

ಫೈಲ್ ಅಕಾರಾದಿಯಾಗಿ ಜೋಡಿಸಿದ್ದರೆ ಕಥೆಯೇ ಬೇರೆ. ಆಗ ಬೈನರಿ ಸರ್ಚ್ ಮಾಡಬಹುದು: ನಟ್ಟನಡುವಿನ ಬೈಟ್‌ಗೆ ಹಾರಿ ಅಲ್ಲಿರುವ ಸಾಲನ್ನು ಓದುತ್ತೇವೆ. ನಮಗೆ ಬೇಕಾದ ಪದ ಅದಕ್ಕಿಂತ ಮುಂದಿನದಾದರೆ ಮೊದಲರ್ಧದ 17 ಜಿಬಿಯನ್ನು ಕಣ್ಣೆತ್ತಿಯೂ ನೋಡದೆ ಕೈಬಿಡುತ್ತೇವೆ. ಹತ್ತು ಸಲ ಹೀಗೆ ಮಾಡಿದಾಗ ಉಳಿಯುವುದು 33 ಎಂಬಿ. ಇಪ್ಪತ್ತು ಸಲಕ್ಕೆ 32 ಕೆಬಿ. ಮೂವತ್ತನೆಯ ಸಲಕ್ಕೆ ಉಳಿಯುವುದು ಒಂದು ಸಾಲಿನಷ್ಟು ಜಾಗ. ನಾವು ಸಾಲುಗಳ ಬದಲು ಬೈಟ್‌ಗಳನ್ನು ಅರ್ಧ ಮಾಡುತ್ತಿರುವುದರಿಂದ ಕೊನೆಯ ಬೈಟ್‌ವರೆಗೆ ಹೋಗಲು 35 ಹೆಜ್ಜೆ ಬೇಕು. 34 ಜಿಬಿ ಎಂಬುದು 2³⁵ಕ್ಕಿಂತ ಸ್ವಲ್ಪವೇ ಕಡಿಮೆ.

ಆದರೆ ಹೆಜ್ಜೆ ಎಣಿಸಿದ ಮಾತ್ರಕ್ಕೆ ಸಮಯ ಗೊತ್ತಾಗುವುದಿಲ್ಲ. ಇಲ್ಲಿ ದುಬಾರಿ ಕೆಲಸ ಪದಗಳ ಹೋಲಿಕೆಯಲ್ಲ, ಡಿಸ್ಕ್‌ನ ಹೆಡ್ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವುದು. ಹೆಡ್ ಸರಿದು, ತಟ್ಟೆ ಸುತ್ತಿ, ಬೇಕಾದ ಜಾಗ ಸಿಗಲು ಸುಮಾರು 12 ಮಿಲಿಸೆಕೆಂಡ್ ಆಗುತ್ತದೆ. ಇತ್ತ ಆಪರೇಟಿಂಗ್ ಸಿಸ್ಟಮ್ ಒಂದು ಬೈಟ್ ಕೇಳಿದರೂ ಕನಿಷ್ಠ 4096 ಬೈಟ್‌ನ ಒಂದು ಪೇಜ್ ತಂದು ಮೆಮೊರಿಯಲ್ಲಿಡುತ್ತದೆ. 4096 ಎಂದರೆ 2¹². ಹಾಗಾಗಿ 35 ಹೆಜ್ಜೆಗಳಲ್ಲಿ ಕೊನೆಯ 12 ಹೆಚ್ಚುಕಡಿಮೆ ಒಂದೇ ಪೇಜಿನೊಳಗೆ ಮುಗಿದುಹೋಗುತ್ತವೆ, ಡಿಸ್ಕ್‌ಗೆ ಮತ್ತೆ ಹೋಗಬೇಕಿಲ್ಲ. ಉಳಿಯುವುದು 23 ಓದು. 23 × 12 = 276 ಮಿಲಿಸೆಕೆಂಡ್.

ಇನ್ನು ಫೈಲ್ ಎರಡು ಪಟ್ಟಾದರೆ? 24 ಓದು. ಬರೇ 12 ಮಿಲಿಸೆಕೆಂಡ್ ಹೆಚ್ಚು. ಹತ್ತು ಪಟ್ಟಾಗಿ 340 ಜಿಬಿ ಆದರೂ ನಾಲ್ಕು ಓದು ಹೆಚ್ಚಾದೀತು, ಅಷ್ಟೆ. ನೇರ ಓದಿನಲ್ಲಾದರೆ ಅದೇ ಹತ್ತು ಪಟ್ಟಿಗೆ ಸಮಯವೂ ಹತ್ತು ಪಟ್ಟು. log₂ n ಎಂಬ ಸೂತ್ರದ ನಿಜವಾದ ಅರ್ಥ ಇದು: ಡೇಟಾ ಗುಣಿಸಿಕೊಂಡು ಬೆಳೆದರೆ ಕೆಲಸ ಕೂಡಿಸಿಕೊಂಡು ಬೆಳೆಯುತ್ತದೆ.

ಎರಡನೆಯ ಹುಡುಕಾಟ ಯಾಕೆ ಬೇಗ

ಯಾವ ಪದ ಹುಡುಕಿದರೂ ಮೊದಲ ಓದು ಅದೇ ನಡುವಿನ ಪೇಜ್. ಎರಡನೆಯದು ಎರಡೇ ಪೇಜ್‌ಗಳಲ್ಲಿ ಒಂದು, ಮೂರನೆಯದು ನಾಲ್ಕರಲ್ಲಿ ಒಂದು. ಈ ಮೇಲಿನ ಪೇಜ್‌ಗಳಿಗೆ ಪ್ರತಿ ಹುಡುಕಾಟವೂ ಬರುವುದರಿಂದ ಅವು ತಾವಾಗಿಯೇ ಮೆಮೊರಿಯ ಕ್ಯಾಶ್‌ನಲ್ಲಿ ಉಳಿದುಕೊಳ್ಳುತ್ತವೆ. ಮೊದಲ 16 ಹಂತಗಳ ಪೇಜ್‌ಗಳೆಲ್ಲ ಸೇರಿದರೆ 65,535. ಹೆಚ್ಚುಕಡಿಮೆ 256 ಎಂಬಿ ಮೆಮೊರಿ. ಅಷ್ಟು ತುಂಬಿಕೊಂಡ ಮೇಲೆ ಡಿಸ್ಕ್‌ಗೆ ಹೋಗಬೇಕಾದದ್ದು ಏಳೇ ಸಲ, ಅಂದರೆ 84 ಮಿಲಿಸೆಕೆಂಡ್.

ಇದನ್ನು ಅದೃಷ್ಟಕ್ಕೆ ಬಿಡುವ ಬದಲು ಈಗ ಕೈಯಾರೆ ಮಾಡಿದ್ದೇವೆ. ಫೈಲನ್ನು 64 ಕೆಬಿಯ ತುಂಡುಗಳೆಂದು ಭಾವಿಸಿ, ಪ್ರತಿ ತುಂಡಿನಲ್ಲಿ ಶುರುವಾಗುವ ಮೊದಲ ಪದವನ್ನು ಮಾತ್ರ ಒಂದು ಪಟ್ಟಿಯಲ್ಲಿಟ್ಟುಕೊಂಡೆವು. ತುಂಡುಗಳು 5.2 ಲಕ್ಷದ ಆಸುಪಾಸು. ಒಂದಕ್ಕೆ 32 ಬೈಟ್ ಎಂದರೂ 17 ಎಂಬಿ ದಾಟದು. 19 ಹೆಜ್ಜೆ ಮೆಮೊರಿಯಲ್ಲೇ ಮುಗಿಯುತ್ತವೆ, ಆಮೇಲೆ ಡಿಸ್ಕ್‌ನಿಂದ ಒಂದೇ ಓದು. ಬಿ-ಟ್ರೀ ಇಂಡೆಕ್ಸ್‌ನ ಮರ್ಮವೂ ಇದೇ: ಒಂದು ಓದಿಗೆ ಎರಡು ಭಾಗ ಮಾಡುವ ಬದಲು ನೂರಾರು ಭಾಗ ಮಾಡಿದರೆ ಹಂತಗಳು ಬೆರಳೆಣಿಕೆಗೆ ಇಳಿಯುತ್ತವೆ.

ಕೋಡ್

ಸಾಲುಗಳ ಉದ್ದ ಒಂದೇ ಸಮ ಇಲ್ಲದಿರುವುದೇ ಇಲ್ಲಿನ ತೊಡಕು. ನಡುವಿನ ಬೈಟ್‌ಗೆ ಹಾರಿದರೆ ಯಾವುದೋ ಸಾಲಿನ, ಯಾವುದೋ ಅಕ್ಷರದ ಮಧ್ಯೆ ಬೀಳುತ್ತೇವೆ (ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್). ಆದ್ದರಿಂದ ಆ ಸಾಲಿನ ಬಾಲವನ್ನು ಓದಿ ಎಸೆದು, ಮುಂದಿನ ಸಾಲನ್ನು ಹಿಡಿಯಬೇಕು.

```python
def start(f, p):
    f.seek(max(p - 1, 0))
    if p:
        f.readline()
    return f.tell()

def lower(f, size, key):
    lo, hi = 0, size
    while lo < hi:
        mid = (lo + hi) // 2
        start(f, mid)
        line = f.readline()
        if line and line < key:
            lo = mid + 1
        else:
            hi = mid
    return start(f, lo)
```

`p - 1` ಎಂಬುದು ಸುಮ್ಮನೆ ಬಂದದ್ದಲ್ಲ. ನೇರವಾಗಿ `p`ಗೆ ಹಾರಿ ಬಾಲ ಎಸೆದರೆ, `p` ಅಕಸ್ಮಾತ್ ಸಾಲಿನ ತಲೆಯಲ್ಲೇ ಬಿದ್ದಾಗ ಇಡೀ ಸಾಲು ತಪ್ಪಿಹೋಗುತ್ತದೆ. ಅದು ಯಾವಾಗಲೋ ಒಮ್ಮೆ ಆಗುವುದರಿಂದ ಸಣ್ಣ ಪರೀಕ್ಷೆಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒಂದು ಬೈಟ್ ಹಿಂದಿನಿಂದ ಓದಿದರೆ ಎಸೆಯುವುದು ಹಿಂದಿನ ಸಾಲಿನ ಕೊನೆಯ ಚಿಹ್ನೆಯನ್ನು ಮಾತ್ರ. ಫೈಲನ್ನು `'rb'` ಎಂದೇ ತೆರೆಯಬೇಕು, ಹೋಲಿಕೆ ಬೈಟ್‌ಗಳ ಮೇಲೇ ನಡೆಯಬೇಕು.

ಸಿ ಅಥವಾ ಜಾವಾದಲ್ಲಿ ಬರೆಯುವವರು `lo + hi` ಕಡೆ ಗಮನ ಕೊಡಿ. 32 ಬಿಟ್‌ನ ಪೂರ್ಣಾಂಕದಲ್ಲಿ ಈ ಮೊತ್ತ 214 ಕೋಟಿ ದಾಟಿದರೆ ಋಣಸಂಖ್ಯೆಯಾಗುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ದೋಷ ವರ್ಷಗಟ್ಟಲೆ ಅಡಗಿತ್ತು, ಜೋಶುವಾ ಬ್ಲಾಕ್ ಅದರ ಬಗ್ಗೆ ಬರೆದದ್ದು 2006ರಲ್ಲಿ. `lo + (hi - lo) / 2` ಎಂದರೆ ಸಾಕು. ಬೈಟ್‌ಗಳ ಸ್ಥಾನ ಹಿಡಿಯಲು 64 ಬಿಟ್ ಹೇಗಿದ್ದರೂ ಬೇಕು. ಪೈಥಾನ್‌ನಲ್ಲಿ ಈ ತಲೆನೋವಿಲ್ಲ.

ಪದ ಎಷ್ಟು ಸಲ ಬಂದಿದೆ?

ನಮಗೆ ಅತಿ ಇಷ್ಟವಾದ ಭಾಗ ಇದು. ದಾಖಲೆ ಸಂಖ್ಯೆಯನ್ನು ಮುಂದೆ ಸೊನ್ನೆ ತುಂಬಿ ಸದಾ ಎಂಟು ಅಂಕಿ ಮಾಡಿರುವುದರಿಂದ ಒಂದೇ ಪದದ ಸಾಲುಗಳೆಲ್ಲ ಒಂದೇ ಉದ್ದ. ‘ಹುಣಸೆ’ ತೆಗೆದುಕೊಳ್ಳಿ. ಐದು ಸಂಕೇತಗಳಿಗೆ 15 ಬೈಟ್, ಟ್ಯಾಬ್ 1, ಅಂಕಿ 8, ಸಾಲಿನ ಕೊನೆಗೆ 1, ಒಟ್ಟು 25. ಪದದ ಕೊನೆಗೆ ಟ್ಯಾಬ್ ಸೇರಿಸಿ `lower` ಕರೆದರೆ ಮೊದಲ ಸಾಲಿನ ಸ್ಥಾನ ಸಿಗುತ್ತದೆ. ಟ್ಯಾಬ್‌ನ ಬೈಟ್ ಬೆಲೆ 9. ಅದರ ಬದಲು ಬೆಲೆ 10 ಇರುವ `\n` ಸೇರಿಸಿ ಕರೆದರೆ ‘ಹುಣಸೆ’ ಸಾಲುಗಳು ಮುಗಿದ ಜಾಗ ಸಿಗುತ್ತದೆ. ವ್ಯತ್ಯಾಸ 3,05,000 ಬೈಟ್ ಎಂದುಕೊಳ್ಳಿ, 25ರಿಂದ ಭಾಗಿಸಿದರೆ 12,200 ಸಲ. ಒಂದು ಸಾಲನ್ನೂ ಎಣಿಸಲಿಲ್ಲ.

ಭಾಗಾಕಾರದಲ್ಲಿ ಶೇಷ ಉಳಿದರೆ ಫೈಲ್ ಕೆಟ್ಟಿದೆ ಎಂದೇ ಅರ್ಥ. ಬಹುಮಟ್ಟಿಗೆ ವಿಂಡೋಸ್ ಕಡೆಯಿಂದ ಬಂದ ಸಾಲುಗಳಲ್ಲಿ ಕೊನೆಗೆ ಒಂದು `\r` ಸೇರಿಕೊಂಡಿರುತ್ತದೆ.

ಎಣಿಕೆ ಅಗ್ಗ, ಪಟ್ಟಿ ಅಗ್ಗವಲ್ಲ. ‘ಮತ್ತು’ ಬಂದಿರುವ ದಾಖಲೆಗಳನ್ನೆಲ್ಲ ತೋರಿಸು ಎಂದರೆ ಅಷ್ಟೂ ಸಾಲು ಓದಲೇಬೇಕು, ಅಲ್ಲಿ ಲಾಗರಿದಮ್ ಕೈಹಿಡಿಯುವುದಿಲ್ಲ. ‘ಹುಣಸೆ’ಯನ್ನು ನಡುವೆಯೋ ಕೊನೆಗೋ ಹೊಂದಿರುವ ಪದಗಳು ಬೇಕೆಂದರೂ ಅಷ್ಟೆ, ಈ ಕ್ರಮದಲ್ಲಿ ಅವು ಒಟ್ಟಿಗೆ ಇಲ್ಲವಲ್ಲ!

ಇರುವ ಪದ ‘ಇಲ್ಲ’ ಎಂದು ಬಂದರೆ

ಕ್ರಮ ತಪ್ಪಿದ ಫೈಲಿನಲ್ಲಿ ಬೈನರಿ ಸರ್ಚ್ ಯಾವ ದೂರನ್ನೂ ಹೇಳುವುದಿಲ್ಲ. ತಪ್ಪು ಅರ್ಧವನ್ನು ಕೈಬಿಟ್ಟು, ಅಷ್ಟೇ ವೇಗವಾಗಿ, ಅಷ್ಟೇ ಧೈರ್ಯವಾಗಿ ‘ಇಲ್ಲ’ ಎನ್ನುತ್ತದೆ. ಮೊದಲ ಶಂಕೆ ಲೊಕೇಲ್ ಮೇಲಿರಲಿ. `sort` ಕಮಾಂಡ್ ಸಿಸ್ಟಮ್‌ನ ಭಾಷಾ ಸೆಟ್ಟಿಂಗ್ ನೋಡಿ ಜೋಡಿಸುತ್ತದೆ, ನಮ್ಮ ಕೋಡ್ ಹೋಲಿಸುವುದು ಬೈಟ್‌ಗಳನ್ನು. ಎರಡೂ ಒಂದೇ ಆಗಿರಬೇಕು:

```
LC_ALL=C sort -S 4G -T /data/tmp pada.txt -o pada.sorted
LC_ALL=C sort -c pada.sorted
```

ಎರಡನೆಯ ಕಮಾಂಡ್ ಕ್ರಮ ತಪ್ಪಿದ ಮೊದಲ ಸಾಲನ್ನು ತೋರಿಸುತ್ತದೆ, ಎಲ್ಲ ಸರಿಯಿದ್ದರೆ ಮಾತಾಡುವುದಿಲ್ಲ. `-T` ಕೊಡದಿದ್ದರೆ ತಾತ್ಕಾಲಿಕ ತುಂಡುಗಳು `/tmp`ಗೆ ಹೋಗಿ ಅದು ತುಂಬಿಬಿಡುತ್ತದೆ. ಆ ತುಂಡುಗಳಿಗೆ ಮೂಲ ಫೈಲಿನಷ್ಟು, ಜೋಡಿಸಿದ ಫೈಲಿಗೆ ಮತ್ತೆ ಅಷ್ಟೇ ಖಾಲಿ ಜಾಗ ಇಟ್ಟುಕೊಳ್ಳಿ. ಬೈಟ್ ಕ್ರಮ ನಿಘಂಟಿನ ಕ್ರಮಕ್ಕೆ ಹತ್ತಿರವಿದ್ದರೂ ಅದೇ ಅಲ್ಲ. ಹಳಗನ್ನಡದ ೞ ಎಲ್ಲ ವ್ಯಂಜನ, ಸ್ವರಚಿಹ್ನೆಗಳ ಆಚೆ ಹೋಗಿ ಕೂರುತ್ತದೆ. ಹುಡುಕಾಟಕ್ಕೆ ಅದರಿಂದ ತೊಂದರೆಯಿಲ್ಲ.

ಎರಡನೆಯದು ಕನ್ನಡದ್ದೇ ಸಮಸ್ಯೆ. ‘ಕೊ’ ಎಂಬುದನ್ನು ಕ ಮತ್ತು `U+0CCA` ಎಂದು ಬರೆಯಬಹುದು, ಕ, `U+0CC6`, `U+0CC2` ಎಂದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ ಬೇರೆ. ಹಾಗಾಗಿ ‘ಕೊಡೆ’ ಫೈಲಿನ ಎರಡು ಕಡೆ ಹಂಚಿಹೋಗುತ್ತದೆ, ಎಣಿಕೆ ಕಡಿಮೆ ಬರುತ್ತದೆ. ‘ರಾಜ್‌ಕುಮಾರ್’ ಪದದ ನಡುವಿನ ಕಾಣದ `U+200C` ಕೂಡ ಹೀಗೆಯೇ ಕಾಡುತ್ತದೆ. ಜೋಡಿಸುವ ಮುನ್ನ ಪ್ರತಿ ಪದಕ್ಕೂ, ಹುಡುಕುವ ಮುನ್ನ ಕೇಳಿದ ಪದಕ್ಕೂ ಒಂದೇ ಫಂಕ್ಷನ್ ಹಾಯಿಸುತ್ತಿದ್ದೇವೆ: `unicodedata.normalize("NFC", s)`, ಆಮೇಲೆ `U+200C` ಮತ್ತು `U+200D` ತೆಗೆಯುವುದು. ತೋರಿಸುವಾಗ ಮೂಲ ರೂಪ ಬೇಕಾದರೆ ಅದನ್ನು ದಾಖಲೆಯಿಂದಲೇ ತರುತ್ತೇವೆ.

ಮುಂದಿನ ಕೆಲಸ

ಹೊಸ ಪದಗಳನ್ನು ಸೇರಿಸುವುದು ಇನ್ನೂ ಬಗೆಹರಿದಿಲ್ಲ. ನಡುವೆ ಒಂದು ಸಾಲು ತೂರಿಸಬೇಕೆಂದರೆ ಅದರ ನಂತರದ್ದನ್ನೆಲ್ಲ ಸರಿಸಿ ಬರೆಯಬೇಕು. ಸದ್ಯಕ್ಕೆ ಹೊಸ ದಾಖಲೆಗಳ ಪದಗಳನ್ನು ಬೇರೆ ಚಿಕ್ಕ ಫೈಲಿನಲ್ಲಿ ಜೋಡಿಸಿಟ್ಟು, ಎರಡೂ ಕಡೆ ಹುಡುಕಿ ಉತ್ತರ ಸೇರಿಸುವ ಯೋಜನೆಯಿದೆ. ಚಿಕ್ಕ ಫೈಲುಗಳು ಹೆಚ್ಚಿದಷ್ಟೂ ಪ್ರತಿ ಹುಡುಕಾಟ ಅಷ್ಟು ಕಡೆ ಹೋಗಬೇಕಾಗುತ್ತದೆ. ಐದಾದ ಕೂಡಲೇ `LC_ALL=C sort -m` ಬಳಸಿ ಒಂದಾಗಿಸುತ್ತೇವೆ. ಅದು ಮೊದಲಿನಿಂದ ಜೋಡಿಸುವುದಿಲ್ಲ, ಈಗಾಗಲೇ ಕ್ರಮದಲ್ಲಿರುವ ಫೈಲುಗಳನ್ನು ಒಂದೇ ಓಟದಲ್ಲಿ ಹೆಣೆಯುತ್ತದೆ. ಹೆಣೆದ ಫೈಲನ್ನು ಬೇರೆ ಹೆಸರಿನಲ್ಲಿ ಬರೆದು, `LC_ALL=C sort -c` ಪಾಸಾಗಿ, 64 ಕೆಬಿ ತುಂಡುಗಳ ಪಟ್ಟಿಯನ್ನೂ ಹೊಸದಾಗಿ ಕಟ್ಟಿದ ಮೇಲಷ್ಟೇ ಹಳೆಯದರ ಜಾಗಕ್ಕೆ ತರಬೇಕು. ಮಧ್ಯೆ ಕರೆಂಟ್ ಹೋದರೆ ಹಳೆಯ ಫೈಲೂ ಅದರ ಪಟ್ಟಿಯೂ ಹಾಗೇ ಉಳಿದಿರುತ್ತವೆ.