ಫೋಟೋದಲ್ಲಿದ್ದ ಗಾಡಿ, ಗೇಟಿಗೆ ಬಂದ ಗಾಡಿ

ಬೆಂಗಳೂರಿನ ಪೀಣ್ಯದಿಂದ ಹುಬ್ಬಳ್ಳಿಯ ನಮ್ಮ ಗೋಡೌನಿಗೆ ಪಂಪ್‌ಗಳ ಲೋಡ್ ಬರಬೇಕಿತ್ತು. ಅದರ ಇ-ವೇ ಬಿಲ್, ಅಂದರೆ ಸರಕು ಸಾಗಿಸುವಾಗ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡಬೇಕಾದ ಬಿಲ್, ಅದರ ಫೋಟೋ ವಾಟ್ಸಾಪ್‌ನಲ್ಲಿ ಬಂತು. ಮಡಚಿದ ಕಾಗದ, ಮಂಕು ಬೆಳಕು. ಗಾಡಿ ನಂಬರಿನ ಕೊನೆ 4817 ಅಂತ ಕಾಣ್ತಿತ್ತು, ಇನ್ನೊಮ್ಮೆ ನೋಡಿದರೆ 4877. ಎಷ್ಟು ಜೂಮ್ ಮಾಡಿದರೂ ಚುಕ್ಕೆಗಳೇ ದೊಡ್ಡದಾಗುತ್ತವೆ ಅಷ್ಟೇ. ಹಾಗಾಗಿ ಕಾಗದ ಬಿಡಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ ಅಂದೆ. 4817 ಖಚಿತವಾಯಿತು, ಇನ್‌ವಾಯ್ಸ್‌ನಲ್ಲೂ ಅದೇ ಇತ್ತು.

ಮೊತ್ತದಲ್ಲಿ ಒಂದು ನಿಮಿಷ ನಿಂತೆ. ನಮ್ಮ ಹುಡುಗ ಫೋಟೋ ನೋಡಿ 4,80,000 ಅಂತ ಬರೆದುಕೊಂಡಿದ್ದ, ಇನ್‌ವಾಯ್ಸ್‌ನಲ್ಲಿ 5,66,400 ಇತ್ತು. ವಿವರವಾದ ಪ್ರಿಂಟ್‌ನಲ್ಲಿ ತೆರಿಗೆಗೆ ಮುಂಚಿನ ಮೊತ್ತವೂ ಇರುತ್ತದೆ, ಅವನು ಓದಿದ್ದು ಅದನ್ನು. ಕನ್‌ಸೈನ್‌ಮೆಂಟ್ ವ್ಯಾಲ್ಯೂ ಅಂದರೆ ತೆರಿಗೆ ಸೇರಿದ್ದು. 18% ಅಂದರೆ 86,400, ಕೂಡಿದರೆ ಸರಿಹೋಯಿತು.

ಮೂರನೆಯದು ವ್ಯಾಲಿಡಿಟಿ. ಸುಮಾರು 410 ಕಿ.ಮೀ. ದಾರಿ, 200 ಕಿ.ಮೀ.ಗೆ ಒಂದು ದಿನ, ಉಳಿದ ತುಂಡಿಗೂ ಒಂದು ದಿನ, ಒಟ್ಟು ಮೂರು. ಬಿಲ್ ಮಾಡಿದ್ದು 11ರ ಸಂಜೆ. ಮೊದಲ ದಿನ ಮುಗಿಯೋದು 12ನೇ ತಾರೀಖು ಮುಗಿಯುವ ಮಧ್ಯರಾತ್ರಿಗೆ, ಹಾಗಾಗಿ 14 ಮುಗಿಯುವ ಮಧ್ಯರಾತ್ರಿವರೆಗೆ ಸಮಯವಿದೆ. ಫೋಟೋದಲ್ಲೂ 14 ಅಂತಲೇ ಇತ್ತು.

ಎಲ್ಲ ತಾಳೆಯಾಯಿತು ಅಂದುಕೊಂಡರೆ, 14ರ ಸಂಜೆ ಗೇಟಿಗೆ ಬಂದದ್ದು ಬೇರೆಯೇ ಲಾರಿ! ಟ್ರಾನ್ಸ್‌ಪೋರ್ಟ್‌ನವರಿಗೆ ಫೋನ್ ಮಾಡಿದೆ. "ಗಾಡಿ ಕೆಟ್ಟಿತ್ರಿ ಸರ, ಚಿತ್ರದುರ್ಗದಾಗ ಬ್ಯಾರೆ ಗಾಡಿಗೆ ಲೋಡ್ ಮಾಡೀವ್ರಿ. ಪಾರ್ಟ್ ಬಿ ಅಪ್‌ಡೇಟ್ ಆಗೇತಿ" ಅಂದರು. ಪಾರ್ಟ್ ಬಿ ಅಂದರೆ ಬಿಲ್‌ನಲ್ಲಿ ಗಾಡಿ ವಿವರ ಇರುವ ಭಾಗ. ನಾನು ಸುಮ್ನೆ ಒಪ್ಪಲಿಲ್ಲ, ಪೋರ್ಟಲ್‌ಗೆ ಲಾಗಿನ್ ಆಗಿ ಇ-ವೇ ಬಿಲ್‌ನ ಹನ್ನೆರಡು ಅಂಕಿಯ ನಂಬರ್ ಹಾಕಿ ತೆರೆದೆ. ಪಾರ್ಟ್ ಬಿ ಯಲ್ಲಿ ಈಗ ಎರಡು ಸಾಲು, ಹೊಸ ಸಾಲಿನಲ್ಲಿ ಚಿತ್ರದುರ್ಗ ಅನ್ನೋ ಊರು, 13ನೇ ತಾರೀಖು, ನಮ್ಮೆದುರು ನಿಂತಿದ್ದ ಲಾರಿಯದೇ ನಂಬರ್. ನನ್ನ ಹತ್ತಿರ ಇದ್ದ ಫೋಟೋ ಅದಕ್ಕಿಂತ ಮುಂಚಿನದು. ಇನ್‌ವಾಯ್ಸ್‌ನಲ್ಲಿ ಹಳೆ ಗಾಡಿ ನಂಬರ್ ಹಾಗೇ ಇರುತ್ತದೆ, ಅದು ತಪ್ಪಲ್ಲ. ಫೋಟೋ ಮತ್ತು ಇನ್‌ವಾಯ್ಸ್ ಎರಡೂ ಒಂದಕ್ಕೊಂದು ಹೊಂದಿದರೂ ರಸ್ತೆಯಲ್ಲಿರೋ ಗಾಡಿ ಬೇರೆ ಆಗಿರಬಹುದು ಅಲ್ವಾ, ಅದನ್ನು ತೋರಿಸೋದು ಪೋರ್ಟಲ್ ಮಾತ್ರ.

"ಗಾಡಿ ಬದಲಾದ್ರ ದಿನಾನೂ ಜಾಸ್ತಿ ಆಗ್ತಾವ್ರಿ" ಅಂತ ಡ್ರೈವರ್ ಹೇಳಿದರು. ಹಾಗೆ ಆಗೋದಿಲ್ಲ. ಗಾಡಿ ಬದಲಿಸಿದರೂ ಗಡುವು 14ರದ್ದೇ. ತಡವಾಗುವ ಹಾಗಿದ್ದರೆ ಮುಗಿಯುವ ಎಂಟು ಗಂಟೆ ಮುಂಚಿನಿಂದ, ಮುಗಿದ ಎಂಟು ಗಂಟೆಯೊಳಗೆ ಟ್ರಾನ್ಸ್‌ಪೋರ್ಟ್‌ನವರೇ ಕಾರಣ ಹಾಕಿ ವಿಸ್ತರಿಸಬೇಕು. ನಮಗೆ ಅದು ಬೇಕಾಗಲಿಲ್ಲ, ರಾತ್ರಿ ಒಂಬತ್ತಕ್ಕೆ ಅನ್‌ಲೋಡ್ ಮುಗಿಯಿತು. ಎರಡು ಸಾಲು ಕಾಣುವ ಹೊಸ ಪ್ರಿಂಟನ್ನೇ ತೆಗೆದು ಇನ್‌ವಾಯ್ಸ್ ಜೊತೆ ಪಿನ್ ಮಾಡಿದೆ.