ಬಾಗಿಲಿನ ಬುಡ ನೋಡದೆ ಪಾಲಿಶ್ ಹೊಡೆದ ಕಥೆ

ಕುಂದಾಪುರದ ಕಡೆ ಒಂದು ಹಳೇ ಮನೆ. ಪಡುವಣ ದಿಕ್ಕಿಗೆ ಮುಖ, ಮುಂದೆ ಮರ ಇಲ್ಲ, ಮಾಡು ಗಿಡ್ಡ. ಮಧ್ಯಾಹ್ನ ಎರಡರಿಂದ ಸಂಜೆವರೆಗೂ ಬಿಸಿಲು ನೇರ ಬಾಗಿಲಿಗೇ. ಮಳೆಗಾಲದಲ್ಲಿ ಗಾಳಿ ಬೀಸಿದರೆ ಇರಚಲು ಕೂಡ ಅಲ್ಲಿಗೇ. ಸಾಗುವಾನಿ ಬಾಗಿಲು, ಮನೆ ಯಜಮಾನರಾದ ಮಾಸ್ಟ್ರ ಅಪ್ಪನ ಕಾಲದ್ದು. ನಾನು ಪಾಲಿಶ್ ಕೆಲಸ ಮಾಡುವವನು. ಈ ಬಾಗಿಲಿಗೆ ಎರಡು ಸಲ ಕೆಲಸ ಮಾಡಿದ್ದೇನೆ. ಮೊದಲ ಸಲದ್ದು ನನ್ನದೇ ತಪ್ಪು. ಅದನ್ನೇ ಹೇಳ್ತೇನೆ.

ಮೊದಲ ಸಲ ಹೋದದ್ದು ಅಕ್ಟೋಬರ್‌ನಲ್ಲಿ, ಮಳೆ ನಿಂತು ಎರಡು ವಾರ ಆಗಿತ್ತು. ಮನೆಯಲ್ಲಿ ಮದುವೆ ಇತ್ತು, ಅವಸರ. ಬಾಗಿಲು ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಗಿಲು ಕಳಚಲಿಲ್ಲ. ನಿಂತಲ್ಲೇ ಎಮರಿ ಹಾಳೆಯಲ್ಲಿ ಉಜ್ಜಿ, ಮೇಲೆ ಪಿಯು, ಅಂದರೆ ಪಾಲಿಯುರಿಥೇನ್ ಅನ್ನುವ ಪಾರದರ್ಶಕ ವಾರ್ನಿಶ್, ಮೂರು ಕೋಟ್ ಹೊಡೆದೆ. ಕನ್ನಡಿ ಥರ ಹೊಳೀತು. ಮದುವೆಗೆ ಬಂದವರೆಲ್ಲ ಮುಟ್ಟಿ ನೋಡಿ ಹೋದರು.

ಒಂದು ಮಳೆಗಾಲ ಕಳೆಯಿತು. ಮಾಸ್ಟ್ರು ಫೋನ್ ಮಾಡಿ, "ಒಂದ್ಸಲ ಬಂದು ನೋಡಿ ಹೋಗಿ" ಅಂದರು. ಅಷ್ಟೇ, ಬೇರೆ ಏನೂ ಹೇಳಲಿಲ್ಲ. ಹೋಗಿ ನೋಡಿದರೆ ಬುಡದಿಂದ ಒಂದು ಗೇಣು ಮೇಲಿನವರೆಗೆ ಪಿಯು ಬಿಳುಚಿ, ಹಾವಿನ ಪೊರೆ ಥರ ಎದ್ದು ನಿಂತಿತ್ತು. ಪದರ ಎದ್ದಲ್ಲೆಲ್ಲ ಒಳಗೆ ಕಪ್ಪು.

ಒಂದು ಪೊರೆ ಕಿತ್ತು ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ ಬೂದು ಬಣ್ಣದ ಸಣ್ಣ ನಾರು ಅಂಟಿಕೊಂಡಿತ್ತು. ಅದು ನೋಡಿದ ಕೂಡಲೇ ನನ್ನ ತಪ್ಪು ನನಗೇ ಗೊತ್ತಾಯಿತು. ಪಿಯು ಕೆಟ್ಟದ್ದಲ್ಲ. ಅದು ಹಿಡಿದುಕೊಂಡದ್ದು ಗಟ್ಟಿ ಮರವನ್ನಲ್ಲ, ಸತ್ತ ಪದರವನ್ನು.

ಈ ಬೂದಿ ಬಣ್ಣ ಏನು ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಒಂದು ವಸ್ತು ಇದೆ, ಲಿಗ್ನಿನ್ ಅಂತ. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಒಡೆಯುತ್ತದೆ, ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಅಂಟಿಲ್ಲದ ಸಡಿಲ ನಾರು. ಅದೇ ಬೂದಿ. ಅದರ ಮೇಲೆ ಬೂಷ್ಟು ಹಿಡಿದರೆ ಕಪ್ಪು ಚುಕ್ಕೆ. ಒಳ್ಳೆ ಸಾಗುವಾನಿಯಲ್ಲಿ ಈ ಪದರ ತುಂಬಾ ತೆಳು, ಉಗುರಿನ ದಪ್ಪವೂ ಇರುವುದಿಲ್ಲ. ಅದರ ಕೆಳಗೆ ಹಳೇ ಜೇನುಬಣ್ಣದ ಮರ ಹಾಗೇ ಇರುತ್ತದೆ. ಹಾಗಾಗಿ ಬೂದಿ ಕಂಡು ಬಾಗಿಲು ಹೋಯ್ತು ಅಂತ ಹೆದರಬೇಕಾಗಿಲ್ಲ. ಆದರೆ ಅದನ್ನು ಪೂರ್ತಿ ತೆಗೆಯದೆ ಮೇಲೆ ಏನೇ ಬಳಿದರೂ ನಿಲ್ಲುವುದಿಲ್ಲ. ನಾನು ಬಯಲಾಗಿ ಕಾಣುವ ಜಾಗ ಚೆನ್ನಾಗಿ ಉಜ್ಜಿದ್ದೆ. ಹಲಗೆ ಪಟ್ಟಿಗೆ ಸೇರುವ ಸಂದುಗಳಲ್ಲಿ ಸುಮ್ನೆ ಕೈಯಾಡಿಸಿದ್ದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಬುಡದ್ದು. ಬಾಗಿಲಿನ ಎರಡೂ ಬದಿಯ ನಿಂತ ಪಟ್ಟಿ ಇದೆಯಲ್ಲ, ಅದನ್ನು ಅಡ್ಡ ಕತ್ತರಿಸಿದ ತುದಿ ಬಾಗಿಲಿನ ಕೆಳಗೆ ಬರುತ್ತದೆ. ಮರ ಜೀವಂತ ಇದ್ದಾಗ ನೀರು ಮೇಲೇರುತ್ತಿದ್ದ ನಳಿಗೆಗಳ ಬಾಯಿ ಅದು. ಈಗಲೂ ಅದು ನೀರು ಕುಡಿಯುತ್ತದೆ, ಮುಖಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬಾಗಿಲು ನಿಂತಲ್ಲೇ ಪಾಲಿಶ್ ಹೊಡೆದರೆ ಅಲ್ಲಿಗೆ ಬ್ರಷ್ ಹೋಗುವುದೇ ಇಲ್ಲ. ಮುಖಕ್ಕೆ ಮೂರು ಕೋಟ್ ಪಿಯು, ಬುಡಕ್ಕೆ ಏನೂ ಇಲ್ಲ. ಹೊಸ್ತಿಲ ಮೇಲೆ ನಿಂತ ನೀರು ಕೆಳಗಿನಿಂದ ಹತ್ತಿತು, ಮುಖದಿಂದ ಹೊರಗೆ ಬರಲು ದಾರಿ ಇಲ್ಲ, ಪದರವನ್ನೇ ಎತ್ತಿತು.

ಈಗ ಯಾರ ಮನೆಗೆ ಹೋದರೂ ಮೊದಲು ಮೊಬೈಲನ್ನು ಬಾಗಿಲಿನ ಅಡಿಗೆ ಹಿಡಿದು ಒಂದು ಫೋಟೋ ತೆಗೆಯುತ್ತೇನೆ. ಮನೆಯವರು ಇವನೇನು ಮಾಡ್ತಿದ್ದಾನೆ ಅಂತ ನೋಡ್ತಾರೆ. ನೋಡಲಿ.

ಎರಡನೇ ಸಲ ಕೆಲಸಕ್ಕೆ ಮಾರ್ಚ್‌ವರೆಗೆ ಕಾದೆ. ಬಡಗಿ ಆಚಾರ್ರನ್ನು ಕರೆಸಿ ಬಾಗಿಲು ಕಳಚಿ, ಜಗಲಿಯಲ್ಲಿ ಎರಡು ರೀಪಿನ ಮೇಲೆ ಮಲಗಿಸಿದೆವು. ಸ್ಕ್ರೂಡ್ರೈವರ್ ತುದಿಯಲ್ಲಿ ಬುಡವನ್ನು ಚುಚ್ಚಿ ಚುಚ್ಚಿ ನೋಡಿದೆ. ಒಂದು ಪಟ್ಟಿಯ ಮೂಲೆಯಲ್ಲಿ ಎರಡು ಬೆರಳಗಲ ಜಾಗ ಮಾತ್ರ ಮೆತ್ತಗೆ ಒಳಗಿಳಿಯಿತು. ಅದು ಮರದ ಗಟ್ಟಿ ಒಳಭಾಗವಾದ ಕೆಚ್ಚಲ್ಲ, ಅಂಚಿನ ಬಿಳಿ ಮರ. ಸಾಗುವಾನಿ ಬಾಳಿಕೆ ಅಂತ ನಾವು ಹೇಳುವುದು ಕೆಚ್ಚಿನ ಮಾತು, ಬಿಳಿ ಭಾಗಕ್ಕೆ ಆ ಗುಣ ಇಲ್ಲ. ಆಚಾರ್ರು ಅಷ್ಟನ್ನು ಕೆತ್ತಿ ತೆಗೆದು, ಹಳೇ ಸಾಗುವಾನಿ ತುಂಡನ್ನೇ ಕೂರಿಸಿದರು.

ಹಳೇ ಪಿಯು ತೆಗೆದದ್ದು ಸ್ಕ್ರೇಪರ್‌ನಲ್ಲಿ, ಗಟ್ಟಿ ಹಿಡಿದಲ್ಲಿ ಪೇಂಟ್ ರಿಮೂವರ್ ಹಚ್ಚಿ. ಕಾಸ್ಟಿಕ್ ಸೋಡಾ ಹಾಕಿದರೆ ಬೇಗ ಆಗ್ತದೆ, ಖರ್ಚೂ ಕಡಿಮೆ, ಹೌದು. ಆದರೆ ಅದು ಸಾಗುವಾನಿಯನ್ನು ಸುಟ್ಟ ಬೆಲ್ಲದ ಬಣ್ಣಕ್ಕೆ ತರುತ್ತದೆ. ನಾನು ಹಾಕುವುದಿಲ್ಲ. ಜೋರು ನೀರಿನ ಪಂಪ್ ಕೂಡ ಬೇಡ. ಮರದ ಮೆತ್ತನೆ ಎಳೆ ಕೊಚ್ಚಿಹೋಗಿ ಗಟ್ಟಿ ಎಳೆ ಏಣು ಏಣಾಗಿ ಉಳಿಯುತ್ತದೆ. ಆಮೇಲೆ ಅದನ್ನು ಸಮ ಮಾಡಲು ಒಳ್ಳೆ ಮರವನ್ನೇ ಉಜ್ಜಿ ಕಳೆಯಬೇಕು.

ಆಮೇಲೆ ಸೋಪಿನ ನೀರು, ಪ್ಲಾಸ್ಟಿಕ್ ಬ್ರಷ್. ಎಳೆಯ ಉದ್ದಕ್ಕೆ ಉಜ್ಜಬೇಕು, ಅಡ್ಡ ಅಲ್ಲ. ನನ್ನ ಜೊತೆಯ ಹುಡುಗ ಬೇಗ ಆಗಲಿ ಅಂತ ತಂತಿ ಬ್ರಷ್ ತೆಗೆದ. ಕೈ ಹಿಡಿದು ನಿಲ್ಲಿಸಿದೆ. ತಂತಿಯ ಸಣ್ಣ ಚೂರು ಮರದಲ್ಲಿ ಸಿಕ್ಕಿಕೊಂಡರೆ ಮೊದಲ ತೇವಕ್ಕೇ ಕಪ್ಪು ಚುಕ್ಕೆ ಏಳುತ್ತದೆ. ಕಬ್ಬಿಣವೂ ಮರದೊಳಗಿನ ಟ್ಯಾನಿನ್ ಎಂಬ ಒಗರು ವಸ್ತುವೂ ತೇವದಲ್ಲಿ ಸೇರಿದರೆ ಶಾಯಿ ಆಗುತ್ತದೆ. ನಿಜವಾಗಿಯೂ ಶಾಯಿಯೇ, ಹಿಂದೆ ಬರೆಯುವ ಶಾಯಿಯನ್ನು ಹೀಗೇ ಮಾಡುತ್ತಿದ್ದರು. ಚಿಲಕದ ಸುತ್ತ, ಮೊಳೆಯ ಕೆಳಗೆ ಇಳಿದ ಕಪ್ಪು ಕಣ್ಣೀರಿನ ಗೆರೆ ನೋಡಿದ್ದೀರಲ್ವಾ? ಅದೇ ಇದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಯಾಕೆಂದರೆ ಕಲೆ ಆಳಕ್ಕೆ ಇಳಿದಿರುತ್ತದೆ.

ಅದಕ್ಕೆ ಮದ್ದು ಆಕ್ಸಾಲಿಕ್ ಆಸಿಡ್. ಮಾರ್ಬಲ್ ಪಾಲಿಶ್‌ನವರು ಬಳಸುವ ಬಿಳಿ ಪುಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ಬಿಸಿ ನೀರಿಗೆ 60 ಗ್ರಾಂ, ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಕಲೆ ಇರುವ ಕಡೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿ ಮಚ್ಚೆ ನಿಲ್ಲುತ್ತದೆ, ಹಾಗಾಗಿ ಇಡೀ ಬಾಗಿಲಿಗೆ ಒಂದೇ ಸಮ ಹಚ್ಚಬೇಕು. ಒಣಗಲು ಬಿಡದೆ 20 ನಿಮಿಷ ಒದ್ದೆಯಾಗಿಟ್ಟೆ. ಬೂದು ಹೋಗಿ ಜೇನುಬಣ್ಣ ಕಣ್ಣೆದುರೇ ಮೇಲೆ ಬಂತು. ಮಾಸ್ಟ್ರ ಹೆಂಡತಿ ಕಾಫಿ ತಂದವರು ಹಾಗೇ ನಿಂತುಬಿಟ್ಟರು. "ನಾನು ಮದುವೆಯಾಗಿ ಬಂದಾಗ ಹೀಗೇ ಇತ್ತು" ಅಂದರು.

ಮೂರು ಸಲ ನೀರಲ್ಲಿ ತೊಳೆದು, ಒಂದು ಲೀಟರ್‌ಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒರೆಸಿ, ಮತ್ತೆ ತೊಳೆದೆ. ಆಕ್ಸಾಲಿಕ್ ಪುಡಿ ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಸರಿಯಾಗಿ ತೊಳೆಯದೆ ಬಿಟ್ಟರೆ ಮರದ ಮೇಲೆ ಹರಳಾಗಿ ಕೂರುತ್ತದೆ, ಆಮೇಲೆ ಉಜ್ಜುವಾಗ ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಇದನ್ನು ಯಾವತ್ತೂ ಸೇರಿಸಬಾರದು, ಉಸಿರು ಕಟ್ಟುವ ಕ್ಲೋರಿನ್ ಹೊಗೆ ಬರುತ್ತದೆ.

ಇಷ್ಟೆಲ್ಲ ಜಾಗ್ರತೆ ಮಾಡಿದ ನಾನು ಒಂದು ಕಡೆ ಎಡವಿದೆ. ಆ ಜಗಲಿಗೆ ರೆಡ್ ಆಕ್ಸೈಡ್ ನೆಲ. ಆ ಕೆಂಪು ಅಂದರೆ ಕಬ್ಬಿಣದ ತುಕ್ಕಿನ ಜಾತಿಯದ್ದೇ, ಆಕ್ಸಾಲಿಕ್ ಕರಗಿಸುವುದೂ ಅದನ್ನೇ. ಕೆಳಗೆ ಪ್ಲಾಸ್ಟಿಕ್ ಹಾಸಿದ್ದೆ, ಅಂಚಿನಲ್ಲಿ ಸೋರಿದ್ದು ನೋಡಲಿಲ್ಲ. ಮರುದಿನ ಅಂಗೈಯಗಲದ ಎರಡು ಮಾಸಲು ಕಲೆ. ಮೇಣ ತಿಕ್ಕಿ ನೋಡಿದೆ, ಹೊಳಪು ಬಂತು, ಬಣ್ಣ ಬರಲಿಲ್ಲ. ಈಗ ಅಲ್ಲಿ ಒಂದು ಹೂಕುಂಡ ಇಟ್ಟಿದ್ದಾರೆ. ಅಂಥ ನೆಲ ಇದ್ದರೆ ಬಾಗಿಲನ್ನು ಅಂಗಳಕ್ಕೇ ಒಯ್ಯಿರಿ.

ಒಣಗಿಸಿದ್ದು ಎಂಟು ದಿನ, ನೆರಳಲ್ಲಿ. ಬಿಸಿಲಿಗೆ ಇಟ್ಟರೆ ಒಂದು ಬದಿ ಬೇಗ ಒಣಗಿ ಬಾಗಿಲು ಸೊಟ್ಟಗಾಗುತ್ತದೆ. ಮರದ ತೇವ ಅಳೆಯುವ ಎರಡು ಸೂಜಿಯ ಮೀಟರ್ ಈಗ ನನ್ನ ಹತ್ತಿರ ಇದೆ. ಮೊದಲ ದಿನ ಬುಡದಲ್ಲಿ ಶೇಕಡಾ 22 ತೋರಿಸಿತು, ನಡುವೆ 15. ಕೈಗೆ ಎರಡೂ ಒಣಗಿದ ಹಾಗೇ ಇತ್ತು! ಅಕ್ಟೋಬರ್‌ನಲ್ಲಿ ನಾನು ನಂಬಿದ್ದು ಈ ಕೈಯನ್ನೇ. ಎಲ್ಲ ಕಡೆ 14ಕ್ಕೆ ಇಳಿದ ಮೇಲೆ 80, 120, ಕೊನೆಗೆ 180 ನಂಬರ್ ಹಾಳೆಯಲ್ಲಿ ಉಜ್ಜಿದೆ. ಅದಕ್ಕಿಂತ ನಯ ಮಾಡಲಿಲ್ಲ. ತುಂಬಾ ನಯವಾದರೆ ಎಣ್ಣೆ ಒಳಗೆ ಇಳಿಯುವುದಿಲ್ಲ.

ಬಳಿಯುವುದು ಏನು ಎಂಬುದಕ್ಕೆ ಮಾಸ್ಟ್ರಿಗೂ ನನಗೂ ಸ್ವಲ್ಪ ಚರ್ಚೆ ಆಯಿತು. ಅವರಿಗೆ ಮತ್ತೆ ಆ ಹೊಳಪೇ ಬೇಕು. ಆಚಾರ್ರು ಗೇರೆಣ್ಣೆ ಅಂದರು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಹುಳು, ನೀರು ತಡೆಯಲು ಒಳ್ಳೆಯದೇ, ನಮ್ಮ ಕಡೆ ದೋಣಿಗೂ ಬಳೀತಾರೆ. ಆದರೆ ಮರ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಬ್ಬೆ. ಬರೀ ಅಗಸೆ ಎಣ್ಣೆ ಹೊರಗಿನ ಬಾಗಿಲಿಗೆ ಬೂಷ್ಟು ಹಿಡಿಸುತ್ತದೆ. ಪಾರದರ್ಶಕ ಪದರ ಯಾವುದಾದರೂ ಅದರ ಮೂಲಕ ಬಿಸಿಲು ಒಳಗೆ ಹೋಗುತ್ತದೆ, ಪದರದ ಅಡಿಯಲ್ಲೇ ಮರ ಮತ್ತೆ ಸಾಯುತ್ತದೆ. ನಾನು ಆರಿಸಿದ್ದು ಹೊರಗಿನ ಮರಕ್ಕೆಂದೇ ಬರುವ, ಕಂದು ಬಣ್ಣ ಸೇರಿಸಿದ ಎಣ್ಣೆ. ಆ ಬಣ್ಣದ ಪುಡಿಯೇ ಬಿಸಿಲಿಗೆ ಕೊಡೆ. ಹೊಳಪಿಲ್ಲ. ಆದರೆ ಸಿಪ್ಪೆ ಏಳುವುದಿಲ್ಲ, ಮಾಸುತ್ತದೆ ಅಷ್ಟೇ. ಮಾಸಿದಾಗ ತೊಳೆದು ಮತ್ತೊಂದು ಕೈ ಒರೆಸಿದರೆ ಸಾಕು, ಕಿತ್ತು ತೆಗೆಯುವ ಕೆಲಸ ಇಲ್ಲ.

ಹಚ್ಚುವ ಮುಂಚೆ ಬಾಗಿಲನ್ನು ತಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಸಾಗುವಾನಿಯ ಸ್ವಂತ ಎಣ್ಣೆ ಮೇಲಿದ್ದರೆ ಹಚ್ಚಿದ್ದು ಒಣಗದೆ ಅಂಟಂಟಾಗಿ ಉಳಿಯುತ್ತದೆ. ಮೊದಲ ಕೋಟ್ ಬುಡಕ್ಕೆ. ಹಚ್ಚಿದ ಹಾಗೇ ಕುಡಿಯಿತು, ನಾಲ್ಕು ಸಲ ಹಚ್ಚಿದ ಮೇಲೆ ನಿಲ್ಲಿಸಿತು. ತಲೆಯ ಅಂಚಿಗೂ ಹಾಗೇ. ಮುಖಕ್ಕೆ ಎರಡೇ ಕೋಟ್, ನಡುವೆ ಒಂದು ದಿನ ಬಿಟ್ಟು. ಹಚ್ಚಿ ಕಾಲು ಗಂಟೆಗೆ ಮೇಲುಳಿದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆದೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ತಾನೇ ಬಿಸಿಯಾಗುತ್ತದೆ, ಮುದ್ದೆಯಲ್ಲಿ ಬೆಂಕಿಯೇ ಹತ್ತಬಹುದು. ಹರಡಿ ಒಣಗಿಸಿ, ಇಲ್ಲ ನೀರಿನಲ್ಲಿ ಮುಳುಗಿಸಿಡಿ.

ಕೂರಿಸುವಾಗ ಕಬ್ಬಿಣದ ಮೊಳೆ, ಸ್ಕ್ರೂ ಎಲ್ಲ ತೆಗೆದು ಹಿತ್ತಾಳೆಯದ್ದು ಹಾಕಿದೆವು. ಆಚಾರ್ರು ಹೊರಗಡೆ ಬುಡಕ್ಕೆ ಇಳಿಜಾರಿನ ಒಂದು ಪಟ್ಟಿ ಹೊಡೆದರು, ನೀರು ಹೊಸ್ತಿಲಿಗೆ ಬೀಳದೆ ಆಚೆ ಜಾರಲಿ ಅಂತ.

ಹೋದ ನವೆಂಬರ್‌ನಲ್ಲಿ ಆ ದಾರಿಯಲ್ಲಿ ಹೋದವನು ಒಳಗೆ ಹೋಗಿ ನೋಡಿದೆ. ಬಾಗಿಲಿನ ಮೇಲರ್ಧಕ್ಕೆ ನೀರು ಚಿಮುಕಿಸಿದರೆ ಹನಿ ಹನಿಯಾಗಿ ನಿಂತಿತು. ಕೆಳಗಿನ ಅಡ್ಡಪಟ್ಟಿಯಲ್ಲಿ ಹನಿ ಹರಡಿ ಮರ ಕಪ್ಪಾಯಿತು, ಅಂದರೆ ಅಲ್ಲಿ ಎಣ್ಣೆ ಮುಗಿದಿದೆ. ಬೇಸಿಗೆಗೆ ಬಂದು ಆ ಭಾಗಕ್ಕೆ ಒಂದು ಕೈ ಹಚ್ಚಿ ಹೋಗ್ತೇನೆ ಅಂದೆ. ಮಾಸ್ಟ್ರು ತಲೆಯಾಡಿಸಿ, ಮೊಬೈಲನ್ನು ತಾವೇ ಬಾಗಿಲಿನ ಅಡಿಗೆ ಹಿಡಿದು ಫೋಟೋ ತೆಗೆದು ನನಗೆ ತೋರಿಸಿದರು.