3.60 ಲಕ್ಷ ಯಾರೂ ಖರ್ಚು ಮಾಡಿರಲಿಲ್ಲ

ಪೀಣ್ಯದ ಒಂದು ಮಷೀನ್ ಶಾಪ್‌ನ ತಿಂಗಳ ರಿವ್ಯೂ. ಮ್ಯಾನೇಜ್‌ಮೆಂಟ್‌ಗೆ ತಿಂಗಳ ಲೆಕ್ಕ ತೋರಿಸಲು ನಾನು ಕಳಿಸಿದ್ದ ಎಂಐಎಸ್ ಶೀಟಿನಲ್ಲಿ ಕೆಂಪು ಬಣ್ಣದ ಒಂದು ಸಾಲು: ‘ಅಂಡರ್ ಅಬ್ಸಾರ್ಬ್ಡ್ ಫಿಕ್ಸೆಡ್ ಓವರ್‌ಹೆಡ್ ₹4,30,000’, ಅಂದರೆ ತಯಾರಾದ ಪೀಸ್‌ಗಳ ಲೆಕ್ಕಕ್ಕೆ ಸೇರದೆ ಉಳಿದ ಸ್ಥಿರ ಖರ್ಚು. ಎಂಡಿ ಅದನ್ನು ನೋಡಿ ನೇರವಾಗಿ ಪ್ಲಾಂಟ್ ಹೆಡ್ ಕಡೆ ತಿರುಗಿದರು. “ಏನ್ರೀ ಇದು, ನಾಲ್ಕು ಲಕ್ಷ ಎಲ್ಲಿಗೆ ಹೋಯ್ತು?” ಪ್ಲಾಂಟ್ ಹೆಡ್ ಹೇಳಿದ್ದು ಇಷ್ಟೇ: “ಸರ್, ನಾನು ಅಷ್ಟು ಖರ್ಚೇ ಮಾಡಿಲ್ಲ.” ಅವರ ಮಾತು ನಿಜವಾಗಿತ್ತು, ಆದರೆ ಅದನ್ನು ತೋರಿಸುವ ಒಂದು ಅಂಕಿಯೂ ಶೀಟಿನಲ್ಲಿ ಇರಲಿಲ್ಲ. ಎರಡು ಬೇರೆ ಬೇರೆ ವೇರಿಯನ್ಸ್‌ಗಳನ್ನು, ಅಂದರೆ ಬಜೆಟ್ಟಿಗೂ ವಾಸ್ತವಕ್ಕೂ ಇರುವ ವ್ಯತ್ಯಾಸಗಳನ್ನು, ಕೂಡಿಸಿ ಒಂದೇ ಸಾಲಿನಲ್ಲಿ ಇಟ್ಟದ್ದು ನನ್ನ ತಪ್ಪು. ಮುಂದಿನ ಹತ್ತು ನಿಮಿಷ ಒಬ್ಬ ಮನುಷ್ಯ ತಾನು ಮಾಡದ ಖರ್ಚಿಗೆ ಉತ್ತರ ಕೊಡುತ್ತಾ ನಿಂತಿದ್ದ.

ಬಜೆಟ್ ಹೀಗಿತ್ತು. ತಿಂಗಳಿಗೆ ಸ್ಥಿರ ಓವರ್‌ಹೆಡ್ ₹24 ಲಕ್ಷ: ಶೆಡ್ ಬಾಡಿಗೆ, ಸವಕಳಿ, ಸೂಪರ್‌ವೈಸರ್‌ಗಳ ಸಂಬಳ, ಇನ್ಶೂರೆನ್ಸ್, ವಿದ್ಯುತ್ತಿನ ಡಿಮ್ಯಾಂಡ್ ಚಾರ್ಜ್. ಇರುವುದು 22 ಯಂತ್ರ. ಎಂಟು ಗಂಟೆಯ ಎರಡು ಪಾಳಿ, 25 ದಿನ ಎಂದರೆ 8,800 ಗಂಟೆ. ಸೆಟಪ್‌ಗೆ, ನಿರ್ವಹಣೆಗೆ 800 ಕಳೆದರೆ 8,000. ಆ ಲೆಕ್ಕದಲ್ಲಿ ರೇಟು ಗಂಟೆಗೆ ₹300. ಒಂದು ಪೀಸ್‌ಗೆ ಸ್ಟ್ಯಾಂಡರ್ಡ್ ಅರ್ಧ ಗಂಟೆ, ಹಾಗಾಗಿ ತಿಂಗಳಿಗೆ 16,000 ಪೀಸ್. ಆ ತಿಂಗಳು ಹೊರಬಂದದ್ದು 13,600.

ಬಜೆಟ್ ವೇರಿಯನ್ಸ್‌ನ ಕಥೆ ಚಿಕ್ಕದು. ನಿಜವಾದ ಖರ್ಚು ₹24.70 ಲಕ್ಷ, ಹೆಚ್ಚಾದದ್ದು ₹70,000. ಲೆಡ್ಜರ್ ತೆಗೆದು ನೋಡಿದರೆ, ಕಂಪ್ರೆಸರ್‌ನ ವರ್ಷದ ನಿರ್ವಹಣಾ ಒಪ್ಪಂದ, ಎಎಂಸಿಯ ₹1,20,000 ಪೂರ್ತಿ ಅದೇ ತಿಂಗಳಿಗೆ ಬಿದ್ದಿತ್ತು. ತಿಂಗಳ ಬಜೆಟ್ ₹10,000, ಆದ್ದರಿಂದ ₹1,10,000 ಹೆಚ್ಚುವರಿ. ಒಂದು ಸೂಪರ್‌ವೈಸರ್ ಹುದ್ದೆ ಖಾಲಿ ಇದ್ದು ₹40,000 ಉಳಿದಿತ್ತು. ಎಎಂಸಿಯನ್ನು ಪ್ರೀಪೇಯ್ಡ್‌ಗೆ ಹಾಕಿ ತಿಂಗಳು ತಿಂಗಳು ಬಿಡಿಸಿಕೊಂಡಿದ್ದರೆ ಈ ವೇರಿಯನ್ಸ್ ಅನುಕೂಲಕರ ಬದಿಗೆ ಬರುತ್ತಿತ್ತು. ಖರ್ಚಿನ ಬಗ್ಗೆ ಯಾರನ್ನಾದರೂ ಕೇಳಬಹುದಾದ ಪ್ರಶ್ನೆ ಇಷ್ಟರಲ್ಲೇ ಮುಗಿಯುತ್ತದೆ.

ಉಳಿದ ₹3.60 ಲಕ್ಷ ವಾಲ್ಯೂಮ್ ವೇರಿಯನ್ಸ್. 13,600 ಪೀಸ್ ಅಂದರೆ 6,800 ಸ್ಟ್ಯಾಂಡರ್ಡ್ ಗಂಟೆ, ಗಂಟೆಗೆ ₹300ರಂತೆ ಪೀಸ್‌ಗಳ ಮೇಲೆ ಕೂತದ್ದು ₹20.40 ಲಕ್ಷ. ಬಜೆಟ್ಟಿನ ₹24 ಲಕ್ಷಕ್ಕೆ ಕಡಿಮೆ ಬಿದ್ದದ್ದೇ ಈ ಮೊತ್ತ. ಬ್ಯಾಂಕಿನಿಂದ ಇದಕ್ಕಾಗಿ ಒಂದು ರೂಪಾಯಿಯೂ ಹೋಗಿಲ್ಲ. ಬಾಡಿಗೆ 13,600 ಪೀಸ್‌ಗೂ ಅಷ್ಟೇ, 16,000ಕ್ಕೂ ಅಷ್ಟೇ. ವರ್ಷದ ಆರಂಭದಲ್ಲಿ ರೇಟು ಕಟ್ಟುವ ಛೇದವನ್ನು 8,000ದ ಬದಲು 6,800 ಎಂದು ಇಟ್ಟಿದ್ದರೆ ಇದೇ ಶಾಪ್, ಇದೇ ಯಂತ್ರ, ಇದೇ ಉತ್ಪಾದನೆಗೆ ವಾಲ್ಯೂಮ್ ವೇರಿಯನ್ಸ್ ಸೊನ್ನೆ ಬರುತ್ತಿತ್ತು. ಹಾಗೆ ಮಾಡಿದರೆ ಅಂತ ಪ್ರೊಡಕ್ಷನ್‌ನವರು ಕೇಳಿದ್ದೂ ಉಂಟು. ಆಗ ರೇಟು ₹353 ಆಗುತ್ತದೆ, ಪೀಸ್‌ನ ಓವರ್‌ಹೆಡ್ ₹150ರಿಂದ ₹176ಕ್ಕೆ ಏರುತ್ತದೆ. ಆ ಕಾಸ್ಟ್ ಶೀಟ್ ಹಿಡಿದು ಕೊಟೇಶನ್ ಕೊಟ್ಟರೆ ಖಾಲಿ ಯಂತ್ರದ ಬಾಡಿಗೆಯನ್ನೂ ಗ್ರಾಹಕನ ಮೇಲೆ ಹೊರಿಸಿದಂತೆ. ಆರ್ಡರ್ ಇನ್ನಷ್ಟು ಕಡಿಮೆಯಾಗುತ್ತದೆ, ಮರುವರ್ಷ ರೇಟು ಇನ್ನೂ ಏರುತ್ತದೆ. ಆದ್ದರಿಂದ ಯಂತ್ರ ವಾಸ್ತವವಾಗಿ ಓಡಬಲ್ಲ ಗಂಟೆಯನ್ನೇ ಛೇದವಾಗಿ ಇಟ್ಟುಕೊಂಡು, ಖಾಲಿ ಉಳಿದದ್ದರ ಬೆಲೆ ಶೀಟಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಬಿಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಖಾಲಿ ಉಳಿದದ್ದು ಎಲ್ಲಿ, ಏಕೆ ಎಂದು ಆ ಒಂದು ಅಂಕಿಗೆ ಗೊತ್ತಿಲ್ಲ. ಮೊದಲು ಅದನ್ನು ಒಡೆಯಬೇಕು. ಯಂತ್ರಗಳು ನಿಜಕ್ಕೂ ಓಡಿದ್ದು 7,200 ಗಂಟೆ. ಓಡದೇ ಉಳಿದ 800 ಗಂಟೆಗೆ ₹2.40 ಲಕ್ಷ: ಇದು ಕೆಪಾಸಿಟಿ ಭಾಗ. ಓಡಿದ 7,200ರಲ್ಲಿ 6,800 ಗಂಟೆಯ ಕೆಲಸವಷ್ಟೇ ಆಗಿದೆ, ಆ 400 ಗಂಟೆಗೆ ₹1.20 ಲಕ್ಷ: ಇದು ಎಫಿಶಿಯೆನ್ಸಿ ಭಾಗ. ಮೀಟಿಂಗ್‌ನಲ್ಲಿ ಈ ಒಡೆತ ಇಲ್ಲದ್ದರಿಂದ ಎಂಡಿ ಸೇಲ್ಸ್‌ನವರಿಗೆ ‘ಆರ್ಡರ್ ತನ್ನಿ’ ಅಂದರು. ಸೇಲ್ಸ್‌ನವರು 16,000ಕ್ಕೂ ಆರ್ಡರ್ ಇದೆ ಅಂದಾಗ ಕೋಣೆಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಮಧ್ಯಾಹ್ನ ಲಾಗ್ ಪುಸ್ತಕ ಹಿಡಿದು ಶಾಪ್‌ಗೆ ಇಳಿದಾಗ ಉತ್ತರ ಸಿಕ್ಕಿತು. ನಾಲ್ಕು ಗ್ರೈಂಡರ್‌ಗಳಲ್ಲಿ ಒಂದರ ಸ್ಪಿಂಡಲ್ ಬೇರಿಂಗ್ ಹೋಗಿ ಹದಿಮೂರೂವರೆ ದಿನ ನಿಂತಿತ್ತು: 216 ಗಂಟೆ. ಪ್ರತಿ ಪೀಸ್‌ಗೆ ಗ್ರೈಂಡಿಂಗ್‌ಗೆ 5.4 ನಿಮಿಷ ಬೇಕು, ನಾಲ್ಕೂ ಯಂತ್ರ ಮೊದಲೇ ಭರ್ತಿ. 216 ಗಂಟೆಯನ್ನು 5.4 ನಿಮಿಷದಿಂದ ಭಾಗಿಸಿದರೆ ಸರಿಯಾಗಿ 2,400 ಪೀಸ್, ಅಂದರೆ ಕೊರತೆ ಬಿದ್ದ ಪೂರ್ತಿ ಸಂಖ್ಯೆ. ಓಡದ 800ರಲ್ಲಿ ಉಳಿದ 584 ಗಂಟೆ ಲೇತ್‌ಗಳು ನಿಂತದ್ದು ಮುಂದಿನ ಹಂತಕ್ಕೆ ಕಾಯುತ್ತಾ. ಸುಮ್ಮನೆ ನಿಲ್ಲಿಸಬಾರದೆಂದು ಫೋರ್‌ಮನ್ ಸಣ್ಣ ಸಣ್ಣ ಬ್ಯಾಚ್ ಓಡಿಸಿದ್ದರು. ಮತ್ತೆ ಮತ್ತೆ ಸೆಟಪ್, ಅದರಲ್ಲೇ ಆ 400 ಗಂಟೆ ಹೋಗಿತ್ತು.

ಹಾಗಾದರೆ ನಿಜವಾದ ನಷ್ಟ ಎಷ್ಟು? ₹3.60 ಲಕ್ಷ ಅಲ್ಲ. ಪೀಸ್‌ನ ಬೆಲೆ ₹420, ಬದಲಾಗುವ ಖರ್ಚು ₹330, ಕಾಂಟ್ರಿಬ್ಯೂಶನ್ ₹90. ಆ 2,400 ಪೀಸ್‌ನ ಆರ್ಡರ್ ಪೂರ್ತಿ ಕೈತಪ್ಪಿದ್ದರೆ ನಷ್ಟ ₹2.16 ಲಕ್ಷ. ಮುಂದಿನ ತಿಂಗಳು ಭಾನುವಾರ ಓಟಿ ಕೊಟ್ಟು ಕಳಿಸಿದರೆ ಓಟಿಯ ಹೆಚ್ಚುವರಿ ಮಾತ್ರ. ಇದೇ ₹2.16 ಲಕ್ಷವನ್ನು ಗ್ರೈಂಡರ್ ನಿಂತ 216 ಗಂಟೆಗೆ ಹಂಚಿದರೆ ಗಂಟೆಗೆ ₹1,000. ನಮ್ಮ ಶೀಟು ಆ ಗಂಟೆಗೆ ₹300 ಬೆಲೆ ಕಟ್ಟುತ್ತದೆ, ಕಾಯುತ್ತಾ ನಿಂತ ಲೇತ್‌ನ ಗಂಟೆಗೂ ಅದೇ ₹300. ಬಿಗಿಯಾದ ಯಂತ್ರವೂ ಸಡಿಲ ಯಂತ್ರವೂ ಸರಾಸರಿ ರೇಟಿನಲ್ಲಿ ಒಂದೇ ಆಗಿಬಿಡುತ್ತವೆ. ಬೇರಿಂಗ್‌ನ ಒಂದು ಸ್ಪೇರ್ ಸ್ಟೋರ್ಸ್‌ನಲ್ಲಿ ಇಡಬೇಕೇ ಎಂಬ ಪ್ರಶ್ನೆಗೆ ₹300 ನೋಡಿದರೆ ಒಂದು ಉತ್ತರ, ₹1,000 ನೋಡಿದರೆ ಇನ್ನೊಂದು.

ಮೀಟಿಂಗ್ ಮುಗಿಯುವ ಹೊತ್ತಿಗೆ ಒಬ್ಬರು ಇನ್ನೊಂದು ದಾರಿ ಹೇಳಿದ್ದರು: ಗ್ರೈಂಡರ್ ಸರಿಯಾದ ಮೇಲೆ ಆರ್ಡರ್‌ಗೆ ಕಾಯದೆ ಸ್ಟಾಕ್‌ಗೆ ಓಡಿಸೋಣ, ವೇರಿಯನ್ಸ್ ತಾನಾಗಿ ಇಳಿಯುತ್ತದೆ. ಶೀಟಿನಲ್ಲಿ ಇಳಿಯುವುದು ಹೌದು. ಮಾರಾಟವಾಗದ 2,400 ಪೀಸ್ ಮಾಡಿಟ್ಟರೆ ₹3.60 ಲಕ್ಷದ ಓವರ್‌ಹೆಡ್ ಗೋಡೌನ್‌ನ ಸ್ಟಾಕ್ ಮೇಲೆ ಕೂತು ನಮ್ಮ ಶೀಟಿನಲ್ಲಿ ಆ ತಿಂಗಳ ಲಾಭ ಅಷ್ಟು ಹೆಚ್ಚಾಗಿ ಕಾಣುತ್ತದೆ. ಅದಕ್ಕಾಗಿ ಕಚ್ಚಾಮಾಲು, ಕೂಲಿ, ಟೂಲ್‌ಗೆ ₹7.92 ಲಕ್ಷ ನಗದು ಹೊರಹೋಗಿರುತ್ತದೆ. ತಿಂಗಳ ಕೊನೆಯ ವಾರದಲ್ಲಿ ಫಿನಿಶ್ಡ್ ಗೂಡ್ಸ್ ಏರುತ್ತಾ, ವಾಲ್ಯೂಮ್ ವೇರಿಯನ್ಸ್ ಇಳಿಯುತ್ತಾ, ಡಿಸ್ಪ್ಯಾಚ್ ಅಲ್ಲೇ ನಿಂತಿದ್ದರೆ ಇದೇ ನಡೆದಿದೆ ಎಂದು ತಿಳಿಯಬಹುದು. ಉತ್ಪಾದನೆ ಕಡಿಮೆಯಾದಾಗ ಅಥವಾ ಯಂತ್ರ ಖಾಲಿ ನಿಂತಾಗ ಆ ಓವರ್‌ಹೆಡ್ಡನ್ನು ಪೀಸ್‌ಗಳ ಮೇಲೆ ಹೆಚ್ಚಿಸಿ ಹಾಕಲು ಸ್ಟಾಕ್‌ಗೆ ಬೆಲೆ ಕಟ್ಟುವ ಲೆಕ್ಕದ ನಿಯಮ ಇಂಡ್ ಎಎಸ್ 2 ಬಿಡುವುದಿಲ್ಲ. ಹಂಚಿಕೆ ನಾರ್ಮಲ್ ಕೆಪಾಸಿಟಿಯ ಮೇಲೆ, ಉಳಿದದ್ದು ಆ ಅವಧಿಯ ಖರ್ಚಿಗೆ. ಆದರೆ ಬೇಡದ ಮಾಲನ್ನು ನಾರ್ಮಲ್ ಮಟ್ಟದವರೆಗೆ ತಯಾರಿಸಿಡುವುದನ್ನು ಆ ನಿಯಮ ತಡೆಯುವುದಿಲ್ಲ. ಅದನ್ನು ಶಾಪ್‌ನಲ್ಲೇ ಯಾರಾದರೂ ಬೇಡ ಅನ್ನಬೇಕು.

ಈಗ ಶೀಟಿನಲ್ಲಿ ಮೂರು ಸಾಲು ಹೋಗುತ್ತದೆ. ಬಜೆಟ್ ವೇರಿಯನ್ಸ್, ಅದರ ಪಕ್ಕ ಲೆಡ್ಜರ್ ಹೆಸರು. ಓಡದ ಗಂಟೆ, ಅದರ ಪಕ್ಕ ಯಂತ್ರದ ನಂಬರ್ ಮತ್ತು ಕಾರಣ. ಓಡಿಯೂ ಕೆಲಸವಾಗದ ಗಂಟೆ. ಎರಡನೇ ಸಾಲಿನಲ್ಲಿ ರೂಪಾಯಿಯನ್ನು ಕೊನೆಯ ಕಾಲಂಗೆ ತಳ್ಳಿ ಗಂಟೆಯನ್ನೇ ಮುಂದಿಟ್ಟಿದ್ದೇನೆ, ಗ್ರೈಂಡರ್‌ಗಳನ್ನು ಲೇತ್‌ಗಳಿಂದ ಬೇರೆ ಮಾಡಿ. ಮುಂದಿನ ರಿವ್ಯೂನಲ್ಲಿ ಎಂಡಿ ಮೊದಲು ಕೇಳಿದ್ದು ಬೇರಿಂಗ್ ಬಂತಾ ಅಂತ.